ತೋರಿಸಿದ್ದು ಸಾಕು, ಉಳಿಸಿಕೊಂಡದ್ದು ಕೊಡಿ

ನಮ್ಮ ನ್ಯೂಸ್ ಚಾನೆಲ್ಲುಗಳನ್ನು ಯಾರಾದರೂ "ಇದು ನಿಜವೇನ್ರೀ?" ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. "ವಿಡಿಯೋನೇ ಇದೆಯಲ್ಲ ಸ್ವಾಮಿ, ನೀವೇ ನೋಡ್ಕೊಳ್ಳಿ." ಸರಿ, ನೋಡುತ್ತೇವೆ. ಆದರೆ ನಮಗೆ ನೋಡಲು ಸಿಗುವುದು ಕೆಲವೇ ಸೆಕೆಂಡುಗಳ ಒಂದು ತುಣುಕು. ಅದೇ ತುಣುಕು ಸಂಜೆಯಿಂದ ರಾತ್ರಿವರೆಗೆ ಸುತ್ತುತ್ತದೆ, ಕೆಂಪು ವೃತ್ತ ಹಾಕಿಸಿಕೊಂಡು, ಬಾಣದ ಗುರುತು ಹಾಕಿಸಿಕೊಂಡು, ಹಿಂದೆ ಢಣ್ ಢಣ್ ಸಂಗೀತ ಸೇರಿಸಿಕೊಂಡು. ಆ ತುಣುಕಿನ ಹಿಂದೆ ಮುಂದೆ ಕ್ಯಾಮೆರಾ ಏನು ಹಿಡಿದಿತ್ತು ಎಂದು ಕೇಳಿ ನೋಡಿ. ಆಗ ವಿಡಿಯೋ ಸಾಕ್ಷಿಯಾಗಿ ಉಳಿಯುವುದಿಲ್ಲ, ಸಂಸ್ಥೆಯ ಸ್ವಂತ ಆಸ್ತಿಯಾಗಿಬಿಡುತ್ತದೆ.

ನನ್ನ ತಕರಾರು ಇಷ್ಟೇ. ಕತ್ತರಿಸುವುದು ತಪ್ಪಲ್ಲ. ಇಪ್ಪತ್ತು ನಿಮಿಷದ ಪತ್ರಿಕಾಗೋಷ್ಠಿಯನ್ನು ಪೂರ್ತಿ ಹಾಕಿದರೆ ಯಾರೂ ನೋಡುವುದಿಲ್ಲ, ಬೈಟ್ ಕತ್ತರಿಸಲೇಬೇಕು. ಆದರೆ ಕತ್ತರಿಸಿದ ತುಣುಕಿನ ಬಲದಿಂದ ಒಬ್ಬನನ್ನು ಅಪರಾಧಿ ಎಂದು ಕರೆದ ಮೇಲೆ, ಕತ್ತರಿಸದ ದೃಶ್ಯವನ್ನು ಇನ್ನೊಬ್ಬ ಪತ್ರಕರ್ತ ಕೇಳಿದಾಗ ತೋರಿಸಲೇಬೇಕು. ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಪತ್ರಕರ್ತರಾದ ನಾವು ಅದನ್ನು ಕೇಳುವುದನ್ನೇ ಬಿಟ್ಟಿದ್ದೇವೆ ಎಂಬುದು ಅದಕ್ಕಿಂತ ದೊಡ್ಡ ತಕರಾರು.

2024ರ ಫೆಬ್ರವರಿ 27ನ್ನು ನೆನಪಿಸಿಕೊಳ್ಳಿ. ರಾಜ್ಯಸಭಾ ಚುನಾವಣೆಯ ಫಲಿತಾಂಶ ಬಂತು. ವಿಧಾನಸೌಧದಲ್ಲಿ ಕಾಂಗ್ರೆಸ್ಸಿನ ಸೈಯದ್ ನಾಸಿರ್ ಹುಸೇನ್ ಗೆದ್ದ ಸಂಭ್ರಮ, ಸುತ್ತ ಬೆಂಬಲಿಗರು, ಎದುರಿಗೆ ಚಾನೆಲ್ಲುಗಳ ಲೋಗೋಗಳು. ಗದ್ದಲದಲ್ಲಿ ಒಂದು ಘೋಷಣೆ ಕೇಳಿಸಿತು. "ಪಾಕಿಸ್ತಾನ್ ಜಿಂದಾಬಾದ್" ಎಂದು ಕೂಗಿದರು ಎಂದು ಚಾನೆಲ್ಲುಗಳು ಹೇಳಿದವು, ಬಿಜೆಪಿ ಹೇಳಿತು. "ನಾಸಿರ್ ಸಾಬ್ ಜಿಂದಾಬಾದ್" ಎಂದು ಕೂಗಿದ್ದು ಎಂದು ಕಾಂಗ್ರೆಸ್ಸಿನವರು ಹೇಳಿದರು. ಪೊಲೀಸರು ಪ್ರಕರಣ ದಾಖಲಿಸಿ ವಿಡಿಯೋವನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು. ಪ್ರಯೋಗಾಲಯದ ವರದಿ, ಸಾಂದರ್ಭಿಕ ಸಾಕ್ಷ್ಯ ಮತ್ತು ಸಾಕ್ಷಿಗಳ ಹೇಳಿಕೆ ಆಧರಿಸಿ ಮಾರ್ಚ್ 4ರಂದು ಮೂವರನ್ನು ಬಂಧಿಸಿದರು.

ಅವರು ಅಪರಾಧಿಗಳೋ ಅಲ್ಲವೋ ಎಂಬುದು ನ್ಯಾಯಾಲಯದ ವಿಷಯ, ಅದಕ್ಕೆ ನಾನು ಕೈಹಾಕುವುದಿಲ್ಲ. ನನ್ನ ಪ್ರಶ್ನೆ ನಡುವಿನ ಆರು ದಿನಗಳದ್ದು. ಆ ಆರು ದಿನ ರಾಜ್ಯದಲ್ಲಿ ಕಿವಿಯಿದ್ದವರೆಲ್ಲ ತೀರ್ಪುಗಾರರಾದರು. ಒಂದು ಗುಂಪಿಗೆ ನೂರಕ್ಕೆ ನೂರು "ಪಾಕಿಸ್ತಾನ್" ಕೇಳಿಸಿತು. ಇನ್ನೊಂದು ಗುಂಪಿಗೆ ನೂರಕ್ಕೆ ನೂರು "ನಾಸಿರ್ ಸಾಬ್" ಕೇಳಿಸಿತು. ಸತ್ಯ ಪರೀಕ್ಷೆ ಮಾಡುತ್ತೇವೆ ಎನ್ನುವವರಲ್ಲೂ ಕೆಲವರು ಮೊಬೈಲಿಗೆ ಬಂದ ತುಣುಕನ್ನೇ ನಿಧಾನ ಮಾಡಿ, ಸದ್ದು ಏರಿಸಿ, ಹಿಂದೆ ಮುಂದೆ ಎಳೆದು ಕೇಳಿ ತೀರ್ಪು ಕೊಟ್ಟರು. ಎರಡೂ ಕಡೆಯವರ ಕೈಯಲ್ಲಿದ್ದದ್ದು ಒಂದೇ ಸವಕಲು ಪ್ರತಿ.

ಅದು ಯಾಕೆ ಸವಕಲು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಜಗಳ ನಿಂತಿರುವುದು ಅಲ್ಲೇ.

ಇಂಥ ಜಾಗದಲ್ಲಿ ಚಾನೆಲ್ಲಿನ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಎರಡು ಕಿವಿ ಇರುತ್ತವೆ. ಒಂದು ವರದಿಗಾರ ನಾಯಕನ ಬಾಯಿಯ ಮುಂದೆ ಹಿಡಿದ ಲೋಗೋ ಮೈಕು. ಇನ್ನೊಂದು ಕ್ಯಾಮೆರಾದ ಮೇಲೇ ಇರುವ ಮೈಕು, ಅದು ಸುತ್ತಲಿನ ಗದ್ದಲವನ್ನು ಹಿಡಿಯುತ್ತದೆ. ಕ್ಯಾಮೆರಾದ ಕಾರ್ಡಿನಲ್ಲಿ ಇವೆರಡನ್ನೂ ಬೇರೆ ಬೇರೆ ಟ್ರ್ಯಾಕುಗಳಾಗಿ ಉಳಿಸಿಕೊಳ್ಳಬಹುದು. ಪ್ರಸಾರಕ್ಕೆ ಹೋಗುವಾಗ ಎರಡನ್ನೂ ಬೆರೆಸುತ್ತಾರೆ. ಬೆರೆಸಿದ ಮೇಲೆ ಗುಂಪಿನ ದನಿಯನ್ನು ನಾಯಕನ ದನಿಯಿಂದ ಬಿಡಿಸುವುದು ಹಾಲಿನಿಂದ ನೀರು ತೆಗೆದಂತೆ. ಅದರ ಮೇಲೆ ಮೈಕಿನ ಸದ್ದನ್ನು ತಾನಾಗಿ ಏರಿಸಿ ಇಳಿಸುವ ವ್ಯವಸ್ಥೆಯೂ ಇರುತ್ತದೆ. ಹತ್ತಿರದವರು ಮಾತು ನಿಲ್ಲಿಸಿದ ಕ್ಷಣ ಅದು ದೂರದ ಕೂಗನ್ನು ಮೇಲೆತ್ತಿಬಿಡುತ್ತದೆ. ಆಮೇಲೆ ಯಾರೋ ಟೀವಿ ಪರದೆಯನ್ನೇ ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸಾಪಿಗೆ ಹಾಕುತ್ತಾರೆ. ಪ್ರತಿ ಸಲ ಕಳಿಸುವಾಗಲೂ ಫೈಲು ಹಿಂಡಿ ಸಣ್ಣದಾಗುತ್ತದೆ, ಮೊದಲು ಮಸುಕಾಗುವುದು ವ್ಯಂಜನಗಳ ಚೂಪು. "ಪಾ" ಮತ್ತು "ನಾ" ನಡುವಿನ ವ್ಯತ್ಯಾಸ ಇರುವುದು ಆ ಚೂಪಿನಲ್ಲೇ.

ಕೊನೆಯದಾಗಿ ಪರದೆಯ ಮೇಲಿನ ಅಕ್ಷರ. ಕೆಳಗೆ ಏನು ಬರೆದಿದೆಯೋ ಕಿವಿಗೆ ಅದೇ ಕೇಳಿಸುತ್ತದೆ. ಪರೀಕ್ಷಿಸಬೇಕೇ? ಗದ್ದಲದ ಒಂದು ತುಣುಕನ್ನು ಮನೆಯವರಿಗೆ ಕಣ್ಣು ಮುಚ್ಚಿ ಕೇಳಲು ಹೇಳಿ. ಆಮೇಲೆ ಅಕ್ಷರ ತೋರಿಸಿ ಮತ್ತೆ ಕೇಳಿಸಿ. ಮೊದಲು "ಏನೋ ಕೂಗ್ತಿದ್ದಾರೆ" ಎಂದವರು ಎರಡನೇ ಸಲ ಆಣೆ ಮಾಡಿ ಹೇಳುತ್ತಾರೆ.

ಇಷ್ಟೆಲ್ಲ ಮಸುಕಾದ ಪ್ರತಿಯನ್ನು ಎಷ್ಟು ಸಲ ಕೇಳಿದರೂ ಪ್ರಯೋಜನವಿಲ್ಲ. ಅಸಲಿ ಬೇಕು. ಅದೂ ಒಂದೇ ಚಾನೆಲ್ಲಿನದಲ್ಲ. ಅಲ್ಲಿ ಹಲವು ಕ್ಯಾಮೆರಾಗಳು ಹಲವು ಕೋನಗಳಲ್ಲಿ ನಿಂತಿದ್ದವು. ಮೂರು ಚಾನೆಲ್ಲುಗಳ ಅಸಲಿ ಫೈಲುಗಳನ್ನು ಒಂದೇ ಕ್ಷಣಕ್ಕೆ ಹೊಂದಿಸಿ ಒಟ್ಟಿಗೆ ಕೇಳಿದರೆ, ಒಂದರಲ್ಲಿ ಮಸುಕಾದ ಅಕ್ಷರ ಇನ್ನೊಂದರಲ್ಲಿ ತಿಳಿಯಾಗಿ ಸಿಗಬಹುದು. ಯಾರೋ ಸ್ಟುಡಿಯೋದಲ್ಲಿ ಕೈಯಾಡಿಸಿದ್ದರೆ ಅದೂ ಸಿಕ್ಕಿಬೀಳುತ್ತದೆ, ಯಾಕೆಂದರೆ ಮಿಕ್ಕ ಎರಡು ಫೈಲುಗಳು ಅವರ ಕೈಯಲ್ಲಿಲ್ಲ.

ಹಾಗಾದರೆ ಅವತ್ತು ರಾತ್ರಿಯೇ ಹೋಗಬೇಕಿದ್ದ ಪತ್ರ ಎಂಥದ್ದು? ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ. ಯಾರಾದರೂ ನಕಲು ಮಾಡಿಕೊಳ್ಳಲಿ ಎಂದೇ ಪೂರ್ತಿ ಕೊಡುತ್ತಿದ್ದೇನೆ.

"ಸಂಪಾದಕರಿಗೆ. ಮಾನ್ಯರೇ, 27-02-2024ರಂದು ವಿಧಾನಸೌಧದಲ್ಲಿ ಕೇಳಿಬಂದ ಘೋಷಣೆಯ ಬಗ್ಗೆ ತಮ್ಮ ವಾಹಿನಿ ಸುದ್ದಿ ಪ್ರಸಾರ ಮಾಡಿದೆ. ಆ ಸುದ್ದಿಯ ಸತ್ಯ ಪರಿಶೀಲನೆ ಮಾಡುತ್ತಿದ್ದೇನೆ. ಮೊದಲ ಮನವಿ: ಈ ದೃಶ್ಯದ ಕ್ಯಾಮೆರಾ ಕಾರ್ಡನ್ನು ದಯವಿಟ್ಟು ಅಳಿಸಬೇಡಿ, ಸರ್ವರಿನಲ್ಲಿರುವ ನೇರಪ್ರಸಾರದ ರೆಕಾರ್ಡಿಂಗನ್ನೂ ಉಳಿಸಿ. ಎರಡನೆಯದು: ಘೋಷಣೆ ಕೇಳಿಬರುವ ಕ್ಷಣಕ್ಕೆ ಐದು ನಿಮಿಷ ಮೊದಲಿನಿಂದ ಐದು ನಿಮಿಷ ನಂತರದವರೆಗಿನ ದೃಶ್ಯವನ್ನು, ಕತ್ತರಿಸದೆ, ಅಕ್ಷರ ಮತ್ತು ಸಂಗೀತ ಸೇರಿಸದೆ, ಎಲ್ಲ ಧ್ವನಿ ಟ್ರ್ಯಾಕುಗಳೊಂದಿಗೆ, ಕ್ಯಾಮೆರಾದಲ್ಲಿದ್ದ ಫೈಲಿನ ರೂಪದಲ್ಲೇ ಕೊಡಿ. ಕೊಡಲು ಆಗದಿದ್ದರೆ ತಮ್ಮ ಕಚೇರಿಯಲ್ಲೇ ಕೂತು ನೋಡಲು ಅವಕಾಶ ಕೊಡಿ. ಮೂರನೆಯದು: ಈ ಭಾಗದ ಲಿಖಿತ ಪ್ರತಿ ತಮ್ಮಲ್ಲಿದ್ದರೆ ಅದನ್ನೂ, ಪರದೆಯ ಮೇಲೆ ಹಾಕಿದ ಅಕ್ಷರಗಳನ್ನು ಯಾವ ಆಧಾರದಲ್ಲಿ ಬರೆಯಲಾಯಿತು ಎಂಬುದನ್ನೂ ತಿಳಿಸಿ. ಮೂಲಗಳ ಗುರುತು ಕಾಪಾಡಬೇಕಾದ ಭಾಗವಿದ್ದರೆ ಅದನ್ನು ಮುಚ್ಚಿ, ಆದರೆ ಎಲ್ಲಿ ಮುಚ್ಚಿದ್ದೀರಿ ಎಂದು ಗುರುತು ಹಾಕಿ. ನಾಳೆ ಸಂಜೆ 6 ಗಂಟೆಯೊಳಗೆ ಉತ್ತರಿಸಿದರೆ ತಮ್ಮ ಉತ್ತರವನ್ನು ನನ್ನ ವರದಿಯಲ್ಲಿ ಪೂರ್ತಿಯಾಗಿ ಸೇರಿಸುತ್ತೇನೆ. ಉತ್ತರ ಬಾರದಿದ್ದರೆ ಅದನ್ನೂ ಬರೆಯುತ್ತೇನೆ."

ಇದರಲ್ಲಿ ಬೈಗುಳವಿಲ್ಲ, ಆರೋಪವಿಲ್ಲ, "ನಿಮ್ಮ ಬಣ್ಣ ಬಯಲು ಮಾಡುತ್ತೇನೆ" ಎಂಬ ಪೌರುಷವೂ ಇಲ್ಲ. ಬೈದು ಬರೆದ ಪತ್ರವನ್ನು ಕಸದ ಬುಟ್ಟಿಗೆ ಹಾಕಲು ಸಂಪಾದಕರಿಗೆ ನಾವೇ ಕಾರಣ ಕೊಟ್ಟಂತಾಗುತ್ತದೆ. "ಅಳಿಸಬೇಡಿ" ಎಂಬ ಸಾಲನ್ನು ಮೊದಲಿಗೇ ಇಟ್ಟದ್ದಕ್ಕೂ ಕಾರಣವಿದೆ. ಕ್ಯಾಮೆರಾ ಕಾರ್ಡುಗಳು ಸ್ಲೇಟಿನ ಹಾಗೆ, ಇವತ್ತಿನದನ್ನು ಒರೆಸಿ ನಾಳೆಯದನ್ನು ಬರೆಯುತ್ತಾರೆ. ವಾರ ಬಿಟ್ಟು ಕೇಳಿದರೆ "ಇಲ್ಲ ಸಾರ್, ಫಾರ್ಮ್ಯಾಟ್ ಆಗೋಯ್ತು" ಎಂಬ ಉತ್ತರ ಬರುತ್ತದೆ. ಅದು ಸುಳ್ಳೂ ಆಗಿರಲಾರದು. ನೇರಪ್ರಸಾರವಾದರೆ ಇನ್ನೊಂದು ತೊಡಕು. ಬೆನ್ನಿಗೆ ಹಾಕಿಕೊಳ್ಳುವ ಯೂನಿಟ್ಟಿನಿಂದ ಮೊಬೈಲ್ ಸಿಮ್ಮುಗಳ ಮೂಲಕ ದೃಶ್ಯ ಸ್ಟುಡಿಯೋಗೆ ಹೋಗುತ್ತದೆ. ಕ್ಯಾಮೆರಾಮನ್ ರೆಕಾರ್ಡ್ ಗುಂಡಿ ಒತ್ತದೇ ಇದ್ದರೆ ಕಾರ್ಡಿನಲ್ಲಿ ಏನೂ ಇರುವುದಿಲ್ಲ, ಸರ್ವರಿನಲ್ಲಿರುವುದೇ ಅಸಲಿ. ಅದಕ್ಕೇ ಪತ್ರದಲ್ಲಿ ಎರಡನ್ನೂ ಹೆಸರಿಸಿ ಕೇಳಬೇಕು.

ಇನ್ನು ಲಿಖಿತ ಪ್ರತಿ. "ವಿಡಿಯೋ ಸಿಕ್ಕಿದ ಮೇಲೆ ಅದ್ಯಾಕೆ?" ಎಂದು ಕೇಳುವವರು ನಮ್ಮ ಬೂದಿಕೋಟೆ ಕಡೆಗೆ ಒಂದು ಸಲ ಬರಬೇಕು. ಬಂಗಾರಪೇಟೆ ತಾಲ್ಲೂಕಿನ ಈ ಊರಿಂದ ಆಂಧ್ರ, ತಮಿಳುನಾಡು ಎರಡೂ ದೂರವಿಲ್ಲ. ಸಂತೆಯಲ್ಲಿ ಒಂದೇ ವ್ಯಾಪಾರ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಚೌಕಾಸಿಯಾಗಿ ಉರ್ದುವಿನಲ್ಲಿ ಮುಗಿಯುತ್ತದೆ. ಕೆಜಿಎಫ್‌ನ ಗಣಿ ಕಾಲೊನಿಗಳಿಗೆ ಹೋದರೆ ತಮಿಳು. ಅಲ್ಲಿನ ಒಬ್ಬರ ಮುಂದೆ ಮೈಕು ಹಿಡಿದು "ಗಲಾಟೆ ನಡೆದಾಗ ನೀವು ಅಲ್ಲಿದ್ರಾ?" ಎಂದು ಕೇಳಿದಿರಿ ಅಂದುಕೊಳ್ಳಿ. ಅವರು "ಇಲ್ಲೆ" ಎನ್ನುತ್ತಾರೆ. ತಮಿಳಿನಲ್ಲಿ ಅದಕ್ಕೆ "ಇಲ್ಲ" ಎಂದರ್ಥ. ಬೆಂಗಳೂರಿನ ಡೆಸ್ಕಿನಲ್ಲಿ ಕೂತ ಕನ್ನಡದ ಹುಡುಗ ಅದನ್ನು "ಇಲ್ಲೇ" ಎಂದು ಬರೆದರೆ ಕಥೆ ಮುಗಿಯಿತು. ಅಲ್ಲಿರಲಿಲ್ಲ ಎಂದವನು ಇಲ್ಲೇ ಇದ್ದೆ ಎಂದು ಒಪ್ಪಿಕೊಂಡಂತಾಯಿತು. ದೃಶ್ಯ ಅಸಲಿ, ಧ್ವನಿ ಅಸಲಿ, ಒಂದು ಸೆಕೆಂಡೂ ಕತ್ತರಿಸಿಲ್ಲ, ಆದರೂ ಸುದ್ದಿ ಸುಳ್ಳು.

ಆದ್ದರಿಂದ ಲಿಖಿತ ಪ್ರತಿ ಎಂದರೆ ಆಡಿದ ಭಾಷೆಯಲ್ಲೇ ಆಡಿದ ಹಾಗೇ ಬರೆದದ್ದು. ಪಕ್ಕದಲ್ಲಿ ನಿಮಿಷ, ಸೆಕೆಂಡು ಇರಬೇಕು. ವರದಿಗಾರ ಕೇಳಿದ ಪ್ರಶ್ನೆಯೂ ಇರಬೇಕು, ಯಾಕೆಂದರೆ ಪ್ರಶ್ನೆ ತೆಗೆದು ಉತ್ತರ ಮಾತ್ರ ತೋರಿಸುವುದು ಈ ಕಸುಬಿನ ಹಳೆಯ ಚಾಲಾಕಿ. ಕೇಳಿಸದಿದ್ದ ಕಡೆ "ಕೇಳಿಸಲಿಲ್ಲ" ಎಂದು ಬರೆದಿರಬೇಕು. ಅನುವಾದ ಬೇಕಾದರೆ ಅದು ಕೆಳಗೆ ಬೇರೆ ಸಾಲಿನಲ್ಲಿ. ಹೀಗೆ ಬರೆಯಲು ಕೂತರೆ, ಪರದೆಯ ಮೇಲೆ ಖಚಿತವಾಗಿ ಹಾಕಿದ ಎಷ್ಟು ಅಕ್ಷರಗಳು ಬರೀ ಊಹೆ ಎಂಬುದು ಬರೆಯುವವನಿಗೇ ಗೊತ್ತಾಗುತ್ತದೆ.

ಪತ್ರಕ್ಕೆ ಉತ್ತರ ಬಂತು ಅಂದುಕೊಳ್ಳೋಣ. ಸಾಮಾನ್ಯವಾಗಿ ಬರುವುದು ಒಂದು ಯೂಟ್ಯೂಬ್ ಕೊಂಡಿ. "ಪೂರ್ತಿ ವಿಡಿಯೋ ಇಲ್ಲಿದೆ ನೋಡಿ." ಅದು ಉದ್ದವಾಗಿರುತ್ತದೆ ಅಷ್ಟೇ, ಪೂರ್ತಿಯಾಗಿರಬೇಕೆಂದಿಲ್ಲ. ಗುರುತಿಸಲು ದೊಡ್ಡ ಯಂತ್ರ ಬೇಡ, ಒಳ್ಳೆಯ ಇಯರ್‌ಫೋನ್ ಸಾಕು. ಮಾತು ಬಿಟ್ಟು ಮಾತಿನ ಹಿಂದಿನ ಸದ್ದನ್ನು ಕೇಳಿ. ಫ್ಯಾನಿನ ಗುಂಯ್, ರಸ್ತೆಯ ಹಾರ್ನು, ಜನರ ಗುಜುಗುಜು. ಕತ್ತರಿಸಿ ಅಂಟಿಸಿದ ಕಡೆ ಆ ಸದ್ದು ಒಮ್ಮೆಗೇ ತುಂಡಾಗುತ್ತದೆ, ಹಾರ್ನು ಅರ್ಧಕ್ಕೇ ಸಾಯುತ್ತದೆ. ಇನ್ನೊಂದು ಗುರುತು: ಮಾತಾಡುವವರ ಮುಖದಿಂದ ದೃಶ್ಯ ದಿಢೀರನೆ ಸಭಿಕರ ಕಡೆಗೋ ಗೋಡೆಯ ಫೋಟೋ ಕಡೆಗೋ ಹೊರಳಿ ಮತ್ತೆ ಮುಖಕ್ಕೆ ಬಂದರೆ, ಆ ಹೊರಳಿನ ಅಡಿಯಲ್ಲಿ ಒಂದು ಕತ್ತರಿ ಅಡಗಿರಬಹುದು. ಇದು ಮೋಸದ ಸಾಕ್ಷಿಯಲ್ಲ, ಒಳ್ಳೆಯ ಎಡಿಟರುಗಳೂ ಹೀಗೆ ಮಾಡುತ್ತಾರೆ. ಆದರೆ "ಇಲ್ಲಿ ಏನು ತೆಗೆದಿರಿ?" ಎಂದು ಎರಡನೇ ಪತ್ರ ಬರೆಯಲು ಅಷ್ಟು ಸಾಕು.

ಚಾನೆಲ್ಲಿನವರ ವಾದಗಳೂ ಗೊತ್ತು. "ಕೇಳಲು ನೀನ್ಯಾರು?" ಎಂಬುದು ಮೊದಲನೆಯದು. ನಿಜ, ಕಾನೂನಿನ ಪ್ರಕಾರ ನಾನು ಯಾರೂ ಅಲ್ಲ. ಖಾಸಗಿ ಚಾನೆಲ್ಲಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಬರುವುದಿಲ್ಲ. ಪ್ರಸಾರ ಮಾಡಿದ್ದನ್ನು 90 ದಿನ ಇಟ್ಟುಕೊಳ್ಳಬೇಕೆಂಬ ನಿಯಮವಿದೆ, ಆದರೆ ಅದು ಸರ್ಕಾರ ಕೇಳಿದರೆ ತೋರಿಸಲು, ಅದೂ ಪ್ರಸಾರವಾದದ್ದನ್ನು ಮಾತ್ರ. ಕತ್ತರಿಸಿ ಎಸೆದದ್ದಕ್ಕೆ ಆ ನಿಯಮವೂ ಇಲ್ಲ. ಕೇಬಲ್ ಟೀವಿ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯಂತೆ ಪ್ರಸಾರದ ಬಗ್ಗೆ ದೂರು ಕೊಟ್ಟರೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ಕೊಡಬೇಕು. ಆದರೆ ದೂರು ಬೇರೆ, ದೃಶ್ಯ ಕೇಳುವ ಪತ್ರ ಬೇರೆ. ಸರಿ ಸ್ವಾಮಿ, ಕಾನೂನಿಲ್ಲ. ಮಂತ್ರಿಯ ಮುಂದೆ ಮೈಕು ಹಿಡಿದು "ದಾಖಲೆ ಬಿಡುಗಡೆ ಮಾಡಿ" ಎಂದು ನೀವು ಗದರುವಾಗ ಯಾವ ಕಾನೂನು ನೋಡಿಕೊಂಡು ಗದರುತ್ತೀರಿ?

ಎರಡನೆಯದು ಗಂಭೀರವಾದ ವಾದ. "ಇವತ್ತು ನಿಮಗೆ ಕೊಟ್ಟರೆ ನಾಳೆ ಸರ್ಕಾರ ಕೇಳುತ್ತದೆ." ಈ ಭಯ ಸುಳ್ಳಲ್ಲ. ಅಮೆರಿಕದ ಸಿಬಿಎಸ್ ಚಾನೆಲ್ 2024ರ ಅಕ್ಟೋಬರಿನಲ್ಲಿ ಕಮಲಾ ಹ್ಯಾರಿಸ್ ಸಂದರ್ಶನ ಪ್ರಸಾರ ಮಾಡಿತು. ಒಂದೇ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಎರಡು ಕಾರ್ಯಕ್ರಮಗಳಲ್ಲಿ ಎರಡು ಥರ ಕಾಣಿಸಿತು. ಕತ್ತರಿಸದ ಪ್ರತಿ ಕೊಡಿ ಎಂಬ ಕೂಗಿಗೆ ಚಾನೆಲ್ ಜಗ್ಗಲಿಲ್ಲ. ಟ್ರಂಪ್ ಮೊಕದ್ದಮೆ ಹೂಡಿದರು. ಅವರು ಅಧಿಕಾರಕ್ಕೆ ಬಂದ ಮೇಲೆ ಪರವಾನಗಿ ಕೊಡುವ ಸಂಸ್ಥೆಯೇ ಪತ್ರ ಬರೆಯಿತು. ಆಗ, 2025ರ ಫೆಬ್ರವರಿ 5ರಂದು, ಪೂರ್ತಿ ಪ್ರತಿ ಹೊರಬಂತು. ನೋಡಿದರೆ ಎರಡೂ ಒಂದೇ ಉದ್ದ ಉತ್ತರದ ಬೇರೆ ಬೇರೆ ತುಂಡುಗಳು. ಇಷ್ಟಾಗಿಯೂ ಅದೇ ಜುಲೈನಲ್ಲಿ ಮಾಲೀಕ ಕಂಪನಿ 1 ಕೋಟಿ 60 ಲಕ್ಷ ಡಾಲರಿಗೆ ಟ್ರಂಪ್ ಜೊತೆ ರಾಜಿ ಮಾಡಿಕೊಂಡಿತು. ಇದರಿಂದ ನಾನು ಕಲಿಯುವುದು ಭಯಕ್ಕೆ ತಿರುಗುಮುರುಗಾದ ಪಾಠ. ಸಹೋದ್ಯೋಗಿ ಕೇಳಿದಾಗ ಮೊದಲ ವಾರವೇ ಕೊಟ್ಟಿದ್ದರೆ ಅದು ಪ್ರಾಮಾಣಿಕತೆ ಎನಿಸುತ್ತಿತ್ತು. ಅಧಿಕಾರ ಕೇಳಿದಾಗ ಕೊಟ್ಟರೆ ಅದು ಶರಣಾಗತಿ. ಪತ್ರಕರ್ತನಿಗೆ ಕೊಡದೆ ಉಳಿಸಿಕೊಂಡದ್ದು ಕೊನೆಗೆ ಪೊಲೀಸರಿಗೋ ಸರ್ಕಾರಕ್ಕೋ ಹೋಗುತ್ತದೆ, ಜನರಿಗಲ್ಲ. ವಿಧಾನಸೌಧದ ವಿಷಯದಲ್ಲೂ ಜನರಿಗೆ ಸಿಕ್ಕಿದ್ದು ಬಂಧನದ ಸುದ್ದಿಯೇ ಹೊರತು ಹತ್ತು ನಿಮಿಷದ ದೃಶ್ಯವಲ್ಲ.

ಕೊಡದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2007ರ ಆಗಸ್ಟ್ 30ರಂದು ಲೈವ್ ಇಂಡಿಯಾ ಎಂಬ ಚಾನೆಲ್ ದೆಹಲಿಯ ಒಬ್ಬ ಸರ್ಕಾರಿ ಶಾಲೆಯ ಶಿಕ್ಷಕಿ ವಿದ್ಯಾರ್ಥಿನಿಯರನ್ನು ವೇಶ್ಯಾವಾಟಿಕೆಗೆ ದೂಡುತ್ತಾರೆ ಎಂಬ ಕುಟುಕು ಕಾರ್ಯಾಚರಣೆ ತೋರಿಸಿತು. ಜನ ಶಾಲೆಗೆ ನುಗ್ಗಿ ಆ ಹೆಂಗಸಿನ ಮೇಲೆ ಕೈಮಾಡಿದರು, ಬಟ್ಟೆ ಹರಿದರು. ಪೊಲೀಸರು ಬಂಧಿಸಿದರು, ಕೆಲಸ ಹೋಯಿತು. ಆಮೇಲೆ ತನಿಖೆಯಲ್ಲಿ ಹೊರಬಿದ್ದದ್ದು: ವಿದ್ಯಾರ್ಥಿನಿ ಎಂದು ತೋರಿಸಿದವಳು ವಿದ್ಯಾರ್ಥಿನಿಯೇ ಅಲ್ಲ, ಪತ್ರಕರ್ತೆಯಾಗಬೇಕೆಂದು ಓಡಾಡುತ್ತಿದ್ದ ಹುಡುಗಿ. ಚಾನೆಲ್ಲನ್ನು ಒಂದು ತಿಂಗಳು ಮುಚ್ಚಿಸಿದರು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮುಂದಿಟ್ಟ ಸಲಹೆಗಳಲ್ಲಿ ಒಂದು ಇದು: ಇಂಥ ಕಾರ್ಯಾಚರಣೆಯ ಕತ್ತರಿಸಿದ ಟೇಪು, ಕತ್ತರಿಸದ ಟೇಪು ಎರಡನ್ನೂ ಪ್ರಸಾರಕ್ಕೆ ಮೊದಲೇ ಸಮಿತಿಯೊಂದರ ಮುಂದಿಡಬೇಕು. ಪ್ರಸಾರಕ್ಕೆ ಮೊದಲು ಸಮಿತಿಯ ಅನುಮತಿ ಎಂಬುದು ನನಗೆ ಒಪ್ಪಿಗೆಯಿಲ್ಲ, ಅದು ಸೆನ್ಸಾರಿನ ಬಾಗಿಲು. ಆದರೆ ನ್ಯಾಯಾಲಯ ಅಷ್ಟು ದೂರ ಯೋಚಿಸುವಂತೆ ಮಾಡಿದ್ದು ನಾವೇ. ಮೊದಲ ದಿನವೇ ಯಾವನಾದರೂ ಪತ್ರಕರ್ತ "ಕತ್ತರಿಸದ ಟೇಪು ಕೊಡಿ" ಎಂದು ಪಟ್ಟು ಹಿಡಿದಿದ್ದರೆ ಉಳಿದ ಚಾನೆಲ್ಲುಗಳಾದರೂ ಆ ಸುದ್ದಿಯ ಹಿಂದೆ ಓಡುವ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದವು.

ಬೂದಿಕೋಟೆ ಎಂದರೆ ಹೈದರಾಲಿ ಹುಟ್ಟಿದ ಊರು ಎಂದಷ್ಟೇ ಹೊರಗಿನವರಿಗೆ ಗೊತ್ತು. ಈ ಶತಮಾನದ ಶುರುವಿನಲ್ಲಿ ಇಲ್ಲಿ "ನಮ್ಮ ಧ್ವನಿ" ಶುರುವಾಯಿತು. ಹಳ್ಳಿಯವರಿಗೆ ರೇಡಿಯೋ ನಡೆಸಲು ಸರ್ಕಾರ ಪರವಾನಗಿ ಕೊಡದ ಕಾಲ ಅದು, ಸಮುದಾಯ ರೇಡಿಯೋ ನೀತಿ ಬಂದದ್ದು 2006ರ ಕೊನೆಯಲ್ಲಿ. ಹಾಗಾಗಿ ಸ್ವಸಹಾಯ ಸಂಘದ ಹೆಂಗಸರು, ಊರ ಹುಡುಗರು ತಾವೇ ಧ್ವನಿಮುದ್ರಿಸಿ, ತಾವೇ ಎಡಿಟ್ ಮಾಡಿ, ಟೀವಿ ಕೇಬಲ್ಲಿನ ಮೂಲಕ ಮನೆಮನೆಗೆ ಕಳಿಸಿದರು. ಅವರೂ ಕತ್ತರಿಸುತ್ತಿದ್ದರು. ಆದರೆ ಪಕ್ಕದ ಮನೆಯವಳ ಮಾತನ್ನು ತಿರುಚಿದರೆ ಮರುದಿನ ನೀರಿನ ನಲ್ಲಿಯ ಹತ್ತಿರ ಅವಳಿಗೇ ಉತ್ತರ ಹೇಳಬೇಕು, "ನಾನು ಹಾಗೆ ಹೇಳಿದ್ನೇನಮ್ಮ? ಟೇಪು ಹಾಕು ನೋಡೋಣ" ಎಂದು ಅವಳು ಕೇಳಬಹುದು. ಬೆಂಗಳೂರಿನ ಚಾನೆಲ್ಲಿಗೆ ಆ ನಲ್ಲಿ ಇಲ್ಲ. ಪತ್ರಕರ್ತನ ಪತ್ರ ಮಾಡಬೇಕಾದದ್ದು ಆ ನಲ್ಲಿಯ ಕೆಲಸವನ್ನೇ.

ಆದ್ದರಿಂದ ನನ್ನ ಕಸುಬಿನವರಿಗೆ ಎರಡು ಮಾತು. ತುಣುಕು ನೋಡಿ ಸತ್ಯ ಪರೀಕ್ಷೆ ಬರೆಯುವ ಮೊದಲು ಪತ್ರ ಬರೆಯಿರಿ. ಯಾವ ದಿನ, ಯಾವ ಹೊತ್ತಿಗೆ ಕೇಳಿದಿರಿ, ಏನು ಉತ್ತರ ಬಂತು ಅಥವಾ ಬರಲಿಲ್ಲ ಎಂಬುದನ್ನು ವರದಿಯ ಮೊದಲ ಪ್ಯಾರಾದಲ್ಲೇ ಹಾಕಿ. ಎರಡನೆಯದು: ಅಸಲಿ ಸಿಗದಿದ್ದರೆ "ಇದು ಸುಳ್ಳು" ಎಂದು ಬರೆಯಬೇಡಿ, "ಇದು ನಿಜ" ಎಂದೂ ಬರೆಯಬೇಡಿ. "ಚಾನೆಲ್ ದೃಶ್ಯ ಕೊಡಲಿಲ್ಲ, ಆದ್ದರಿಂದ ಹೇಳಲು ಬರುವುದಿಲ್ಲ" ಎಂದು ಬರೆಯಿರಿ. ಓದುಗರಿಗೆ ಅದು ಸಪ್ಪೆ ಎನಿಸಬಹುದು. ಎನಿಸಲಿ. ಆ ಸಾಲು ಪ್ರತಿ ಸಲ ಅಚ್ಚಾಗುತ್ತಾ ಹೋದರೆ, ಒಂದು ದಿನ "ವಿಡಿಯೋನೇ ಇದೆಯಲ್ಲ" ಎನ್ನುವವರನ್ನು ನೋಡುಗರೇ ಕೇಳುತ್ತಾರೆ: "ಇದೆ ಸ್ವಾಮಿ, ಮಿಕ್ಕಿದ್ದೆಲ್ಲಿ?"